ಆರರಲ್ಲಿ ಅಸಲು ಯಾವುದು?

1616ರ ಒಂದು ರಾತ್ರಿ. ಅಜ್ಮೇರಿನಲ್ಲಿ ಬೀಡುಬಿಟ್ಟಿದ್ದ ಜಹಾಂಗೀರನ ದರ್ಬಾರಿನಿಂದ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋಗೆ ಕರೆ ಬಂತು. ಹೋಗಿ ನೋಡಿದರೆ ಒಂದೇ ಹಲಗೆಯ ಮೇಲೆ ಆರು ಪುಟ್ಟ ಭಾವಚಿತ್ರಗಳನ್ನು ಅಂಟಿಸಿ ಇಡಲಾಗಿತ್ತು. ಅವುಗಳಲ್ಲಿ ಒಂದು ರೋನದೇ. ತನಗೆ ಬಹಳ ಪ್ರಿಯವಾದದ್ದೆಂದು ಹೇಳಿಕೊಂಡು ಕೆಲವು ದಿನಗಳ ಹಿಂದೆ ಅವನೇ ಬಾದಶಹನಿಗೆ ಅದನ್ನು ತೋರಿಸಿದ್ದ. ಇಂಥ ಕೆಲಸವನ್ನು ಇಲ್ಲಿ ಯಾರೂ ಮಾಡಲಾರರು ಎಂಬುದು ಅವನ ನಂಬಿಕೆಯಾಗಿತ್ತು. ಉಳಿದ ಐದು, ದರ್ಬಾರಿನ ಚಿತ್ರಕಾರ ಅದನ್ನು ನೋಡಿ ಬರೆದ ಪ್ರತಿಗಳು. ನಿನ್ನದು ಯಾವುದೋ ತೋರಿಸು ಎಂದು ಬಾದಶಹ ಕೇಳಿದ.

ಮೇಣದ ಬತ್ತಿಯ ಬೆಳಕಿನಲ್ಲಿ ರೋ ತಡಬಡಾಯಿಸಿದ. ಕೊನೆಗೆ ತನ್ನದನ್ನು ಗುರುತಿಸಿದನಾದರೂ, ಯಾವುದು ಯಾವುದೆಂದು ಹೇಳಲು ಕಷ್ಟವಾಯಿತೆಂದು ದಿನಚರಿಯಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. ವ್ಯತ್ಯಾಸಗಳಿದ್ದವು, ಆದರೆ ಸಾಮಾನ್ಯರ ಕಣ್ಣಿಗೆ ಬೀಳುವಂಥವಲ್ಲ ಎಂದು ಒಂದು ಮಾತು ಸೇರಿಸಿ ಮಾನ ಉಳಿಸಿಕೊಂಡಿದ್ದಾನೆ. ಅವನು ನೋಡಿದೊಡನೆ ಗುರುತು ಹಿಡಿಯಲಾಗಲಿಲ್ಲವೆಂದು ಜಹಾಂಗೀರನಿಗೆ ಎಲ್ಲಿಲ್ಲದ ಖುಷಿ. ನೀವು ಎಣಿಸಿದಷ್ಟು ನಾವು ಕೈಲಾಗದವರಲ್ಲ ಎಂದು ನಿಮ್ಮ ದೇಶದಲ್ಲಿ ತೋರಿಸು ಎಂದು ಒಂದು ಪ್ರತಿಯನ್ನು ಅವನಿಗೇ ಕೊಟ್ಟ.

ಆ ಆರು ಚಿತ್ರಗಳು ಇಂದು ಹರಾಜಿಗೆ ಬಂದರೆ ನಾವು ಮೊದಲು ಕೇಳುವುದು ಅಸಲು ಯಾವುದು ಎಂದು. ಅದು ಗೊತ್ತಾದ ಕ್ಷಣವೇ ಉಳಿದವುಗಳ ಬೆಲೆ ಕುಸಿಯುತ್ತದೆ. ಆ ರಾತ್ರಿ ದರ್ಬಾರಿನಲ್ಲಿ ಅದೇ ಪ್ರಶ್ನೆಯನ್ನು ಕೇಳಿದ್ದು ನಿಜ, ಆದರೆ ಅದರ ಉದ್ದೇಶ ಬೇರೆ. ಅಸಲನ್ನು ಹುಡುಕುವುದು ಕಷ್ಟವಾದಷ್ಟೂ ಗೆದ್ದವನು ಪ್ರತಿ ಮಾಡಿದವನು. ಇಲ್ಲಿ ನಕಲು ಪೈಪೋಟಿಯ ಕಣ. ಬೇರೊಂದು ದೇಶದ, ತನಗೆ ಅಭ್ಯಾಸವೇ ಇಲ್ಲದ ಶೈಲಿಯನ್ನು ಚಿತ್ರಕಾರ ಕೆಲವೇ ದಿನಗಳಲ್ಲಿ ಕೈವಶ ಮಾಡಿಕೊಂಡಿದ್ದ.

ನಮ್ಮ ಭಾಷೆಯಲ್ಲೂ ಈ ಎರಡು ಭಾವಗಳು ಅಕ್ಕಪಕ್ಕದಲ್ಲೇ ಕುಳಿತಿವೆ. ‘ನಕಲು’ ಎಂದರೆ ಪ್ರತಿ, ‘ನಕಲಿ’ ಎಂದರೆ ಮೋಸ. ನಡುವೆ ಇರುವುದು ಒಂದು ಸ್ವರ. ‘ಹಸ್ತಪ್ರತಿ’ ಎಂಬ ಮಾತಿನಲ್ಲಂತೂ ಕಳಂಕದ ಸುಳಿವೇ ಇಲ್ಲ. ಕವಿಯ ಕೈಯಿಂದ ಬಂದ ಓಲೆ ಸಿಕ್ಕದಿದ್ದರೂ ಲಿಪಿಕಾರರ ಪ್ರತಿಗಳಿಂದಲೇ ಕಾವ್ಯ ಉಳಿದಿದೆ.

ಇಷ್ಟು ಹೇಳಿದ ಮೇಲೆ ಎಲ್ಲರೂ ಹೊರಳುವ ದಾರಿಯೊಂದಿದೆ: ಪೂರ್ವದಲ್ಲಿ ಕಲಾವಿದ ಅನಾಮಿಕ, ಪಶ್ಚಿಮದಲ್ಲಿ ಅವನು ವ್ಯಕ್ತಿ, ಇಲ್ಲಿ ಪರಂಪರೆ, ಅಲ್ಲಿ ಸ್ವಂತಿಕೆ. ಹೇಳಲು ಸುಲಭವಾದ ಈ ವಿಭಜನೆ ನಿಜವಲ್ಲ. ಸಾಕ್ಷಿ ಬೇಕಿದ್ದರೆ ಜಹಾಂಗೀರನ ಆತ್ಮಕಥೆಯನ್ನೇ ನೋಡಬಹುದು. 1618ರ ಸುಮಾರಿಗೆ, ಚಿತ್ರಕಾರ ಅಬುಲ್ ಹಸನನನ್ನು ಹೊಗಳುವ ಭಾಗದಲ್ಲಿ, ಬಾದಶಹ ತನ್ನ ಕಣ್ಣಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಾನೆ. ಯಾರದೇ ಕೃತಿಯಿರಲಿ, ಹೆಸರು ಹೇಳದಿದ್ದರೂ ಇದು ಇಂಥವನದೆಂದು ತಾನು ಹೇಳಬಲ್ಲೆ ಎನ್ನುತ್ತಾನೆ. ಒಂದೇ ಚಿತ್ರದಲ್ಲಿ ಹಲವು ಮುಖಗಳನ್ನು ಹಲವರು ಬರೆದಿದ್ದರೆ ಯಾವ ಮುಖ ಯಾರದೆಂದು ಹೇಳಬಲ್ಲೆನೆಂದೂ, ಒಬ್ಬನು ಬರೆದ ಮುಖಕ್ಕೆ ಇನ್ನೊಬ್ಬ ಕಣ್ಣು ಹುಬ್ಬು ತಿದ್ದಿದ್ದರೆ ಅದನ್ನೂ ಬಿಡಿಸಿ ಹೇಳಬಲ್ಲೆನೆಂದೂ ಬರೆಯುತ್ತಾನೆ.

ಅತಿಶಯೋಕ್ತಿ ಇರಬಹುದು. ಆದರೆ ಆ ಮಾತಿನ ಹಿಂದಿನ ತಿಳಿವಳಿಕೆಯನ್ನು ಗಮನಿಸಬೇಕು. ಪ್ರತಿಯೊಬ್ಬ ಚಿತ್ರಕಾರನ ಕೈಗೂ ಅದರದೇ ಗುರುತಿದೆ ಎಂಬುದು ಆ ದರ್ಬಾರಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಮುಖದಲ್ಲಿ ಇಬ್ಬರ ಕೈ ಇರುವುದು ಸಹಜ ಎಂಬುದೂ ಗೊತ್ತಿತ್ತು. ಮೊದಲನೆಯದನ್ನು ತಿಳಿದವರು ಎರಡನೆಯದನ್ನು ದೋಷವೆಂದು ಎಣಿಸಲಿಲ್ಲ. ಆಧುನಿಕ ಪಶ್ಚಿಮದ ಕಲಾಲೋಕಕ್ಕೆ ಕಷ್ಟವಾಗುವುದು ಈ ಜೋಡಣೆಯೇ.

ಜಹಾಂಗೀರನ ತಂದೆ ಅಕ್ಬರನ ಚಿತ್ರಶಾಲೆಯಲ್ಲಿ ಕೆಲಸ ಹೇಗೆ ಹಂಚಿಕೆಯಾಗುತ್ತಿತ್ತು ಎಂಬುದಕ್ಕೆ ಹಾಳೆಗಳೇ ಸಾಕ್ಷಿ. (ಹೊಗೆಕೊಳವೆ ನೆನಪಿಸುವ ನಮ್ಮ ‘ಕಾರ್ಖಾನೆ’ ಎಂಬ ಪದ ಅಂದು ಇಂಥ ಕುಶಲಕರ್ಮಿಗಳ ಶಾಲೆಗಳಿಗೂ ಸಲ್ಲುತ್ತಿತ್ತು.) ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಅಕ್ಬರ್‌ನಾಮಾ ಪ್ರತಿಯಲ್ಲಿ 116 ಚಿತ್ರಗಳಿವೆ. ಅನೇಕ ಚಿತ್ರಗಳ ಕೆಳಅಂಚಿನಲ್ಲಿ ಕೆಂಪು ಶಾಯಿಯ ಸಣ್ಣ ಬರಹವಿದೆ. ‘ತರ್ಹ್’ ಇಂಥವನದು, ‘ಅಮಲ್’ ಇಂಥವನದು ಎಂದು. ತರ್ಹ್ ಎಂದರೆ ವಿನ್ಯಾಸ: ಯಾರು ಎಲ್ಲಿ ನಿಲ್ಲಬೇಕು, ಕಣ್ಣು ಎಲ್ಲಿಂದ ಎಲ್ಲಿಗೆ ಹರಿಯಬೇಕು ಎಂಬ ರೇಖೆಯ ಕೆಲಸ. ಅಮಲ್ ಎಂದರೆ ಅದನ್ನು ಬಣ್ಣದಲ್ಲಿ ನೆರವೇರಿಸುವುದು. ಕೆಲವು ಹಾಳೆಗಳಲ್ಲಿ ಮೂರನೆಯ ಹೆಸರೂ ಇದೆ. ಅವನು ಮುಖಗಳನ್ನು ಮಾತ್ರ ಬರೆದವನು.

ಅಕ್ಬರ್ ಹವಾಯಿ ಎಂಬ ಪುಂಡಾನೆಯನ್ನೇರಿ ಇನ್ನೊಂದು ಆನೆಯನ್ನು ಅಟ್ಟಿಸಿಕೊಂಡು ಹೋದ 1561ರ ಪ್ರಸಂಗದ ಚಿತ್ರ ಈ ಗ್ರಂಥದಲ್ಲಿದೆ. ಆಗ್ರಾದಲ್ಲಿ ಯಮುನೆಗೆ ಅಡ್ಡಲಾಗಿ ದೋಣಿಗಳನ್ನು ಜೋಡಿಸಿ ಕಟ್ಟಿದ ಸೇತುವೆ. ಆನೆಗಳ ಭಾರಕ್ಕೆ ದೋಣಿಗಳು ಮುಳುಗುತ್ತಿವೆ, ಹಲಗೆಗಳು ಕಿತ್ತುಬರುತ್ತಿವೆ, ಅಂಬಿಗರು ನೀರಿಗೆ ಹಾರುತ್ತಿದ್ದಾರೆ, ದಡದಲ್ಲಿದ್ದವರು ಕೈಯೆತ್ತಿ ಕೂಗುತ್ತಿದ್ದಾರೆ. ಎರಡು ಪುಟಗಳಿಗೆ ಹರಡಿದ ಈ ಗದ್ದಲವನ್ನು ಕಲ್ಪಿಸಿ ಗೆರೆ ಹಾಕಿದವನು ಬಸಾವನ್. ಬಣ್ಣ ತುಂಬಿದವನು ಚೇತರ್. ಹಾಗಾದರೆ ಈ ಚಿತ್ರ ಯಾರದು? ಬಸಾವನನದು ಎಂದರೆ ನೀರಿನ ಸುಳಿ, ಆನೆಯ ತೊಗಲಿನ ಮಡಿಕೆ, ಬಟ್ಟೆಯ ಹೊಳಪು ಯಾರದೆಂದು ಹೇಳಬೇಕಾಗುತ್ತದೆ. ಚೇತರನದು ಎಂದರೆ ಆ ಓಟದ ರಭಸವನ್ನು ಕಂಡವನಿಗೆ ಅನ್ಯಾಯವಾಗುತ್ತದೆ. ಕೆಂಪು ಶಾಯಿಯ ಗುಮಾಸ್ತನಿಗೆ ಇದು ಸಮಸ್ಯೆಯೇ ಆಗಿರಲಿಲ್ಲ. ಇಬ್ಬರ ಹೆಸರನ್ನೂ, ಯಾರು ಏನು ಮಾಡಿದರೆಂಬುದನ್ನೂ ಬರೆದು ಮುಗಿಸಿದ. ಮೇಲ್ವಿಚಾರಕರಾದ ದಾರೋಗಾಗಳು ವಾರಕ್ಕೊಮ್ಮೆ ಕೆಲಸಗಳನ್ನು ಬಾದಶಹನ ಮುಂದಿಡುತ್ತಿದ್ದರು, ಕೆಲಸ ನೋಡಿ ಬಹುಮಾನವೂ ಸಂಬಳದ ಏರಿಕೆಯೂ ಆಗುತ್ತಿತ್ತು ಎಂದು ಅಬುಲ್ ಫಜಲ್ ಬರೆದಿದ್ದಾನೆ. ಸಂಬಳ ಕೊಡುವ ಯಜಮಾನನಿಗೆ ಯಾರ ಕೆಲಸ ಎಷ್ಟೆಂದು ತಿಳಿಯುವುದು ಅಗತ್ಯ. ಸಾಮೂಹಿಕ ದುಡಿಮೆ ಎಂದರೆ ಹೆಸರಿಲ್ಲದ ದುಡಿಮೆ ಎಂದು ಯಾರು ಹೇಳಿದರು?

ಇಂಥ ಶಾಲೆಗಳಲ್ಲಿ ಪ್ರತಿ ಮಾಡುವುದಕ್ಕೆ ಸಲಕರಣೆಯೂ ಇತ್ತು. ‘ಚರ್ಬಾ’ ಎಂದು ಕರೆಯುತ್ತಿದ್ದ, ಆಚೆ ಬದಿ ಕಾಣುವಷ್ಟು ತೆಳುವಾಗಿ ಹದಮಾಡಿದ ಜಿಂಕೆಯ ಚರ್ಮವನ್ನು ಚಿತ್ರದ ಮೇಲಿಟ್ಟು ಗೆರೆಗಳನ್ನು ತೆಗೆಯುತ್ತಿದ್ದರು. ಆ ಗೆರೆಗಳ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚಿ, ಹೊಸ ಕಾಗದದ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟಿದರೆ ಕೆಳಗೆ ಚುಕ್ಕಿಗಳ ಸಾಲು ಮೂಡುತ್ತದೆ. ಚುಕ್ಕಿಗಳನ್ನು ಕುಂಚದಿಂದ ಸೇರಿಸಿದರೆ ಆಕೃತಿ ಸಿದ್ಧ. ಇಟಲಿಯ ಭಿತ್ತಿಚಿತ್ರಕಾರರೂ ಕಾಗದಕ್ಕೆ ತೂತು ಚುಚ್ಚಿ ಇದೇ ಉಪಾಯದಿಂದ ಗೆರೆಗಳನ್ನು ಗೋಡೆಗೆ ಇಳಿಸುತ್ತಿದ್ದರು. ಒಳ್ಳೆಯ ಭಂಗಿಯೊಂದು ಶಾಲೆಯ ಆಸ್ತಿ; ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಚರ್ಮದ ಸುರುಳಿಯಾಗಿ ಸಾಗುವಂಥದ್ದು.

ಈ ಪದ್ಧತಿಯಲ್ಲಿ ಎಲ್ಲವೂ ಸೊಗಸಾಗಿತ್ತು ಎಂದು ನಾನು ಹೇಳುತ್ತಿಲ್ಲ. ಪ್ರತಿಯ ಪ್ರತಿಯ ಪ್ರತಿ ಆದಾಗ ಚಿತ್ರ ಸಾಯುತ್ತದೆ, ಮತ್ತು ಸಾಯುವ ಬಗೆ ಕಣ್ಣಿಗೆ ಕಾಣುತ್ತದೆ. ತಾನೇ ಯೋಚಿಸಿ ಎಳೆದವನ ಗೆರೆ ಎಲ್ಲೋ ದಪ್ಪ, ಎಲ್ಲೋ ಸಣ್ಣ, ವೇಗ ಬದಲಾಗುತ್ತದೆ. ಅಚ್ಚಿನ ಮೇಲೆ ತೀಡಿದವನ ಗೆರೆ ಉದ್ದಕ್ಕೂ ಒಂದೇ ನಿಧಾನದಲ್ಲಿ ಹೆದರಿಕೊಂಡು ಸಾಗುತ್ತದೆ. ಅದಕ್ಕಿಂತ ಖಚಿತವಾದ ಗುರುತು ಅರ್ಥದ ಸೋರಿಕೆ. ಮೂಲದಲ್ಲಿ ನಡುಪಟ್ಟಿಯೊಂದು ತೋಳಿನ ಹಿಂದೆ ಹೋಗಿ ಆಚೆ ಬದಿಯಲ್ಲಿ ಮತ್ತೆ ಕಾಣಿಸಿಕೊಂಡಿರುತ್ತದೆ. ಅದು ಪಟ್ಟಿ ಎಂದು ತಿಳಿಯದೆ ಗೆರೆಯನ್ನು ಮಾತ್ರ ನೋಡಿ ಬರೆದವನ ಕೈಯಲ್ಲಿ ಪಟ್ಟಿ ತೋಳಿನ ಹಿಂದೆ ಹೋಗುತ್ತದೆ, ಆದರೆ ಹೊರಗೆ ಬರುವುದೇ ಇಲ್ಲ. ಇಂಥದ್ದೊಂದು ಸಿಕ್ಕಿದರೆ ನೋಡುತ್ತಿರುವುದು ಪ್ರತಿ ಎಂಬುದು ಬಹುತೇಕ ಖಾತ್ರಿ. ಇದಕ್ಕೆ ವಿರುದ್ಧವಾದ ಗುರುತು, ಬಣ್ಣದ ಕೆಳಗೆ ಅಡಗಿದ ತಿದ್ದುಪಡಿ: ಬೆರಳನ್ನು ಒಂದು ಕಡೆ ಬರೆದು, ಮನಸ್ಸು ಬದಲಿಸಿ, ಇನ್ನೊಂದು ಕಡೆ ಸರಿಸಿದ ಜಾಗ. ನಕಲು ಮಾಡುವವನಿಗೆ ಬೆರಳು ಎಲ್ಲಿರಬೇಕೆಂದು ಮೊದಲೇ ಗೊತ್ತಿರುವುದರಿಂದ ಅವನು ಹೀಗೆ ತಡವರಿಸಬೇಕಾಗಿಲ್ಲ.

ಈ ಕೊನೆಯ ಸೂತ್ರ ತಜ್ಞರಿಗೆ ಬಹಳ ಪ್ರಿಯ. ಅದನ್ನು ಅಲುಗಾಡಿಸಿದ್ದು ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದ್ದ ಒಂದು ಮೋನಾಲಿಸಾ ಪ್ರತಿ. ಬಹುಕಾಲ ಅದನ್ನು ಅಷ್ಟೇನೂ ಮಹತ್ವವಿಲ್ಲದ ನಕಲೆಂದೇ ಎಣಿಸಲಾಗಿತ್ತು. ಹಿನ್ನೆಲೆಗೆ ಕಪ್ಪು ಬಣ್ಣ ಬಳಿಯಲಾಗಿತ್ತು. ಆ ಕಪ್ಪನ್ನು ತೆಗೆದಾಗ ಕೆಳಗೆ ಬೆಟ್ಟ, ನೀರು, ದಾರಿ ಎಲ್ಲವೂ ಇದ್ದವು. ಅವಕೆಂಪು ಕಿರಣಗಳಲ್ಲಿ ಒಳಗಿನ ಗೆರೆಗಳನ್ನು ನೋಡಿದಾಗ ಇನ್ನೂ ವಿಚಿತ್ರ ಸಂಗತಿ ಹೊರಬಿತ್ತು. ಲೂವ್ರ್‌ನ ಮೋನಾಲಿಸಾದಲ್ಲಿ ಲಿಯೊನಾರ್ಡೊ ಎಲ್ಲಿ ಮನಸ್ಸು ಬದಲಿಸಿದ್ದನೋ ಈ ಪ್ರತಿಯಲ್ಲೂ ಅಲ್ಲೇ ತಿದ್ದುಪಡಿಗಳಿದ್ದವು. ಮುಗಿದ ಚಿತ್ರವನ್ನು ನೋಡಿ ಬರೆದವನಿಗೆ ಆ ತಿದ್ದುಪಡಿಗಳು ಕಾಣಿಸಲು ಸಾಧ್ಯವೇ ಇಲ್ಲ. ಹಾಗಾಗಿ 2012ರಲ್ಲಿ ಪ್ರಾದೊ ಹೇಳಿದ್ದು ಇಷ್ಟು: ಇದನ್ನು ಗುರುವಿನ ಶಾಲೆಯಲ್ಲೇ, ಅವನ ಮೋನಾಲಿಸಾ ಬೆಳೆಯುತ್ತಿದ್ದಾಗಲೇ, ಶಿಷ್ಯನೊಬ್ಬ ಪಕ್ಕದಲ್ಲಿ ಕುಳಿತು ಬರೆದಿದ್ದಾನೆ. ಗುರು ತಿದ್ದಿದಾಗ ಶಿಷ್ಯನೂ ತಿದ್ದಿದ್ದಾನೆ.

ಮೊದಲು ಮೂಲ, ಆಮೇಲೆ ನಕಲು ಎಂಬ ಸರಳ ಕಾಲಕ್ರಮ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎರಡೂ ಒಟ್ಟಿಗೆ ಹುಟ್ಟಿದ ಕೂಸುಗಳು. ಯುರೋಪು ಕೂಡ ಮೊದಲಿಗೆ ಕಾರ್ಯಶಾಲೆಗಳ ನಾಡೇ ಆಗಿತ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಹಲಗೆ ಇನ್ನೊಂದಿರಲಾರದು.

ಹಾಗಾದರೆ ದಾರಿ ಎಲ್ಲಿ ಕವಲೊಡೆಯಿತು? ನನ್ನ ಮಟ್ಟಿಗೆ ಉತ್ತರ ತತ್ವಶಾಸ್ತ್ರದ ಗ್ರಂಥಗಳಿಗಿಂತ ಮೊದಲು ಒಂದು ದರಪಟ್ಟಿಯಲ್ಲಿ ಸಿಗುತ್ತದೆ. ಜಹಾಂಗೀರ್ ತನ್ನ ಕಣ್ಣಿನ ಬಗ್ಗೆ ಬರೆದುಕೊಂಡ ಕಾಲಕ್ಕೇ, 1618ರ ಏಪ್ರಿಲ್ 28ರಂದು, ಆಂಟ್‌ವರ್ಪಿನ ಚಿತ್ರಕಾರ ರೂಬೆನ್ಸ್ ಹೇಗ್ ನಗರದಲ್ಲಿದ್ದ ಇಂಗ್ಲೆಂಡಿನ ರಾಯಭಾರಿ ಡಡ್ಲಿ ಕಾರ್ಲ್‌ಟನ್‌ಗೆ ಒಂದು ಪತ್ರ ಬರೆದ. ಕಾರ್ಲ್‌ಟನ್ ಬಳಿ ಪ್ರಾಚೀನ ಅಮೃತಶಿಲೆಯ ವಿಗ್ರಹಗಳಿದ್ದವು, ರೂಬೆನ್ಸನಿಗೆ ಅವು ಬೇಕಿದ್ದವು. ಬದಲಿಗೆ ಮನೆಯಲ್ಲಿರುವ ಚಿತ್ರಗಳನ್ನು ಕೊಡುತ್ತೇನೆ ಎಂದು ಪಟ್ಟಿ ಕಳಿಸಿದ. ಪ್ರತಿ ಚಿತ್ರದ ಮುಂದೆ ಬೆಲೆಯ ಜೊತೆಗೆ, ಅದರಲ್ಲಿ ತನ್ನ ಕೈ ಎಷ್ಟಿದೆ ಎಂಬುದನ್ನೂ ಬರೆದ.

ಸಿಂಹಗಳ ನಡುವಿನ ಡೇನಿಯಲ್: ಪೂರ್ತಿ ನನ್ನದೇ ಕೈ, 600 ಫ್ಲಾರಿನ್. ಬಂಡೆಗೆ ಕಟ್ಟಿಹಾಕಿದ ಪ್ರೊಮಿಥಿಯಸ್, ಅವನ ಯಕೃತ್ತನ್ನು ಕುಕ್ಕುವ ಹದ್ದು: ನನ್ನ ಕೈಯ ಮೂಲಕೃತಿ, ಹದ್ದು ಸ್ನೈಡರ್ಸ್‌ನದು, 500. ಹೆಣ್ಣುಡುಗೆಯ ಅಕಿಲೀಸ್: ನನ್ನ ಅತ್ಯುತ್ತಮ ಶಿಷ್ಯ ಬರೆದದ್ದು, ಪೂರ್ತಿಯಾಗಿ ನಾನು ತಿದ್ದಿದ್ದು, 600. ಅಂತಿಮ ತೀರ್ಪಿನ ಚಿತ್ರ: ದೊಡ್ಡ ಮೂಲವೊಂದರಿಂದ ಶಿಷ್ಯನೊಬ್ಬ ಶುರುಮಾಡಿದ್ದು, ಇನ್ನೂ ಮುಗಿದಿಲ್ಲ, ನಾನು ಪೂರ್ತಿ ತಿದ್ದಿಕೊಡುತ್ತೇನೆ, ಆಗ ಅದು ಮೂಲವೆಂದೇ ಸಲ್ಲುತ್ತದೆ, 1200. ಕ್ರಿಸ್ತ ಮತ್ತು ಹನ್ನೆರಡು ಶಿಷ್ಯರು: ನನ್ನ ಮೂಲಗಳಿಂದ ಶಾಲೆಯ ಹುಡುಗರು ಮಾಡಿದ ಪ್ರತಿಗಳು, ನಾನು ತಿದ್ದಬೇಕು, ಒಂದೊಂದಕ್ಕೆ 50.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ‘ಮೂಲ’ ಎಂಬ ಪದ ನಮ್ಮ ಕಣ್ಣೆದುರೇ ಹಿಗ್ಗುತ್ತದೆ. ಪ್ರೊಮಿಥಿಯಸ್ ಚಿತ್ರ ಇಂದು ಫಿಲಡೆಲ್ಫಿಯಾದಲ್ಲಿದೆ. ಅದರಲ್ಲಿ ಆ ಹದ್ದು ಮೂಲೆಯಲ್ಲಿ ಕುಳಿತ ಪಕ್ಷಿಯಲ್ಲ. ರೆಕ್ಕೆ ಬಿಚ್ಚಿ ಚಿತ್ರದ ಮೇಲ್ಭಾಗವನ್ನೇ ಆಕ್ರಮಿಸಿಕೊಂಡಿದೆ, ಉಗುರು ಮುಖಕ್ಕೇ ಊರಿದೆ. ಅದನ್ನು ಬೇರೆಯವನು ಬರೆದಿದ್ದರೂ ಚಿತ್ರ ‘ನನ್ನ ಕೈಯ ಮೂಲ’ವೇ. ಸ್ನೈಡರ್ಸ್ ಪ್ರಾಣಿಗಳನ್ನು ಬರೆಯುವುದರಲ್ಲಿ ಹೆಸರಾದವನು. ಅವನ ಹೆಸರು ಹೇಳುವುದರಿಂದ ಬೆಲೆ ಇಳಿಯುತ್ತಿರಲಿಲ್ಲ, ಬಹುಶಃ ಏರುತ್ತಿತ್ತು. ಅಂತಿಮ ತೀರ್ಪಿನದಂತೂ ಇನ್ನೂ ಮೂಲವಾಗಿಲ್ಲ, ಮುಂದೆ ಆಗಲಿದೆ!

ಕಾರ್ಲ್‌ಟನ್ ಮೂಲವೆಂದು ಬರೆದಿದ್ದವುಗಳ ಕಡೆಗೇ ಬೆರಳು ತೋರಿಸಿದ. ಮೇ ತಿಂಗಳಲ್ಲಿ ರೂಬೆನ್ಸ್ ಉತ್ತರಿಸಿದ: ಉಳಿದವು ಬರೀ ಪ್ರತಿಗಳೆಂದು ತಿಳಿಯಬೇಡಿ, ಮೂಲಗಳಿಂದ ಬೇರ್ಪಡಿಸುವುದೇ ಕಷ್ಟವಾಗುವಷ್ಟು ಚೆನ್ನಾಗಿ ಅವುಗಳನ್ನು ತಿದ್ದಿದ್ದೇನೆ, ಆದರೂ ಬೆಲೆ ಕಡಿಮೆ ಹಾಕಿದ್ದೇನೆ. ವ್ಯತ್ಯಾಸ ಕಾಣುವುದಿಲ್ಲ ಎಂದು ವ್ಯಾಪಾರಿಯೇ ಹೇಳುತ್ತಿದ್ದಾನೆ, ಆದರೂ ಅಗ್ಗ. ಕಣ್ಣಿಗೆ ಕಾಣದ ಒಂದು ಸಂಗತಿಗೆ ಬೆಲೆ ಕಟ್ಟುವುದು ಇಲ್ಲಿ ಶುರುವಾಗಿದೆ.

ಆ ಶಾಲೆ ಹೇಗಿತ್ತು ಎಂಬುದನ್ನು 1621ರಲ್ಲಿ ಭೇಟಿ ಕೊಟ್ಟ ಒಟ್ಟೊ ಸ್ಪರ್ಲಿಂಗ್ ಎಂಬ ವೈದ್ಯ ಬರೆದಿಟ್ಟಿದ್ದಾನೆ. ರೂಬೆನ್ಸ್ ಚಿತ್ರ ಬರೆಯುತ್ತಲೇ ಟ್ಯಾಸಿಟಸ್‌ನ ಇತಿಹಾಸವನ್ನು ಓದಿಸಿ ಕೇಳುತ್ತಿದ್ದನಂತೆ, ಜೊತೆಗೆ ಪತ್ರವೊಂದನ್ನು ಹೇಳಿ ಬರೆಸುತ್ತಿದ್ದನಂತೆ. ಇನ್ನೊಂದು ದೊಡ್ಡ ಕೋಣೆಯಲ್ಲಿ ಅನೇಕ ತರುಣರು ಒಬ್ಬೊಬ್ಬರೂ ಒಂದೊಂದು ಚಿತ್ರದ ಮುಂದೆ ಕುಳಿತಿದ್ದರು. ರೂಬೆನ್ಸ್ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಅಲ್ಲಲ್ಲಿ ಬಣ್ಣದ ಗುರುತು ಇಟ್ಟುಕೊಟ್ಟಿದ್ದ. ಅವರು ಬಣ್ಣ ತುಂಬಿದ ಮೇಲೆ ಅವನು ಬಂದು ಮುಗಿಸುತ್ತಿದ್ದ. ಬಸಾವನ್ ಮತ್ತು ಚೇತರ್ ನಡುವಿನ ಏರ್ಪಾಡಿಗೂ ಇದಕ್ಕೂ ಕೆಲಸದ ದೃಷ್ಟಿಯಿಂದ ಅಂಥ ದೂರವೇನಿಲ್ಲ. ದೂರವಿರುವುದು ಕೊಳ್ಳುವವನಲ್ಲಿ. ಮೊಗಲ್ ಗ್ರಂಥ ಬಾದಶಹನ ಪುಸ್ತಕ ಭಂಡಾರ ಸೇರುತ್ತಿತ್ತು. ಮಾಡಿಸಿದವನೂ ಇಟ್ಟುಕೊಳ್ಳುವವನೂ ಒಬ್ಬನೇ. ಆಂಟ್‌ವರ್ಪಿನ ಚಿತ್ರ ಕಾಣದ ಊರಿನ ಗಿರಾಕಿಗೆ ಹೋಗುತ್ತಿತ್ತು. ಕಾಣದ ಗಿರಾಕಿಗೆ ಭರವಸೆ ಬೇಕು, ಕೈ ಆ ಭರವಸೆಯಾಯಿತು.

ಭಾವನೆಗಳ ಮಟ್ಟದಲ್ಲಿ ಇದು ಗಟ್ಟಿಯಾಗಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು. 1759ರಲ್ಲಿ ಇಂಗ್ಲಿಷ್ ಕವಿ ಎಡ್ವರ್ಡ್ ಯಂಗ್ ಸ್ವಂತ ಕೃತಿಯನ್ನು ಗಿಡಕ್ಕೆ ಹೋಲಿಸಿದ: ಅದು ಬೆಳೆಯುತ್ತದೆ, ಅದನ್ನು ಮಾಡಲಾಗುವುದಿಲ್ಲ, ಅನುಕರಣೆ ತಯಾರಿಕೆಯ ಸರಕು. 1790ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್, ಪ್ರತಿಭೆ ಅನುಕರಣೆಗೆ ಪೂರ್ತಿ ವಿರುದ್ಧವಾದದ್ದು ಎಂದ. ಕಾರ್ಯಶಾಲೆ ಏನನ್ನು ಹೆಮ್ಮೆಯಿಂದ ಮಾಡುತ್ತಿತ್ತೋ ಅದೇ ಈಗ ಬೈಗುಳವಾಯಿತು.

ಬೈಗುಳದ ಬೆಲೆ ಎಷ್ಟೆಂದು ತಿಳಿಯಲು ಹರಾಜು ಮನೆಗಳ ಪಟ್ಟಿ ನೋಡಬೇಕು. ಕಲಾವಿದನ ಹೆಸರು ಬರಿದಾಗಿ ನಿಂತರೆ ಅದು ಅವನದೇ ಕೃತಿ. ಅಲ್ಲಿಂದ ಕೆಳಕ್ಕೆ ಮೆಟ್ಟಿಲುಗಳಿವೆ: ಅವನದೆಂದು ಹೇಳಲಾದದ್ದು, ಅವನ ಶಾಲೆಯದು, ಅವನ ಬಳಗದ್ದು, ಅವನ ಅನುಯಾಯಿಯದು, ಅವನ ಶೈಲಿಯದು, ಅವನ ಕೃತಿಯ ಪ್ರತಿ. ‘ಸಾಲ್ವಾತೋರ್ ಮುಂಡಿ’ ಎಂಬ ಕ್ರಿಸ್ತನ ಚಿತ್ರ ಈ ಮೆಟ್ಟಿಲುಗಳನ್ನು ಹತ್ತಿ ಇಳಿದ ಕಥೆ ಪ್ರಸಿದ್ಧ. 1958ರಲ್ಲಿ ಲಿಯೊನಾರ್ಡೊನ ಶಿಷ್ಯ ಬೋಲ್ಟ್ರಾಫಿಯೊ ಹೆಸರಿನಲ್ಲಿ 45 ಪೌಂಡಿಗೆ ಹೋಯಿತು. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1,175 ಡಾಲರಿಗೆ ಮಾರಾಟವಾಯಿತು. ಮೇಲೆ ಬಳಿದಿದ್ದ ಬಣ್ಣವನ್ನು ತೆಗೆದಾಗ ಆಶೀರ್ವದಿಸುವ ಕೈಯ ಹೆಬ್ಬೆರಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ್ದು ಕಾಣಿಸಿತು. ತಡವರಿಸಿದ್ದಾನೆಂದರೆ ಗುರುವೇ ಇರಬೇಕು ಎಂಬ ವಾದಕ್ಕೆ ಅದು ಬಲ ಕೊಟ್ಟಿತು. 2017ರಲ್ಲಿ ಲಿಯೊನಾರ್ಡೊ ಹೆಸರಿನಲ್ಲಿ ಅದು 45.03 ಕೋಟಿ ಡಾಲರಿಗೆ ಹೋಯಿತು. 2021ರಲ್ಲಿ ಪ್ರಾದೊ ತನ್ನ ಪ್ರದರ್ಶನದ ಗ್ರಂಥದಲ್ಲಿ ಅದನ್ನು ಮತ್ತೆ ಕೆಳಗಿನ ಗುಂಪಿನಲ್ಲಿಟ್ಟಿತು: ಲಿಯೊನಾರ್ಡೊನದೆಂದು ಹೇಳಲಾದ, ಅವನ ಶಾಲೆಯಲ್ಲಾದ, ಅಥವಾ ಅವನ ಒಪ್ಪಿಗೆ ಮೇಲ್ವಿಚಾರಣೆಗಳಲ್ಲಿ ಆದ ಕೃತಿಗಳು.

ಪ್ರಾದೊದ ಮೋನಾಲಿಸಾ ನೋಡಿದವರಿಗೆ ಹೆಬ್ಬೆರಳಿನ ಸಾಕ್ಷ್ಯ ಒಂದೇ ಸಾಲದೆಂದು ಗೊತ್ತು; ಗುರುವಿನ ಪಕ್ಕದಲ್ಲಿ ಕುಳಿತ ಶಿಷ್ಯನೂ ತಿದ್ದುತ್ತಾನೆ. ಆ ಶಾಲೆಯಲ್ಲಿ ಇದ್ದವರಿಗೆ ಪ್ರಾದೊದ ವರ್ಗೀಕರಣ ಅವಮಾನವಾಗಿಯೂ ಕಾಣುತ್ತಿರಲಿಲ್ಲ. ವಿನ್ಯಾಸ ಗುರುವಿನದು, ಕೆಲಸ ಶಾಲೆಯದು: ತರ್ಹ್ ಇಂಥವನದು, ಅಮಲ್ ಇಂಥವರದು. ನೂರಾರು ಮಿಲಿಯನ್ ಡಾಲರ್ ತೂಗುತ್ತಿರುವುದು ಕೇಳಿದ ಪ್ರಶ್ನೆಯೇ ಸರಿಹೊಂದದ ಕಡೆ.

ಇಪ್ಪತ್ತನೆಯ ಶತಮಾನದಲ್ಲಿ ಕಥೆ ಮಗ್ಗುಲು ಬದಲಿಸಿತು. ಕೈಯೇ ಸರ್ವಸ್ವ ಎಂದಿದ್ದ ಲೋಕದಲ್ಲಿ 1917ರಲ್ಲಿ ಫ್ರೆಂಚ್ ಕಲಾವಿದ ದ್ಯುಷಾಂ ಅಂಗಡಿಯಲ್ಲಿ ಸಿಗುವ ಮೂತ್ರದ ಬೋಗುಣಿಯನ್ನು ತಂದು ‘ಕಾರಂಜಿ’ ಎಂದು ಹೆಸರಿಟ್ಟ. ಕೈ ಬೇಡ, ಆಯ್ಕೆ ಸಾಕು ಎಂಬುದು ಅದರ ವಾದ. ಆ ಬೋಗುಣಿ ಕಳೆದುಹೋಯಿತು. 1964ರಲ್ಲಿ ಅವನ ಒಪ್ಪಿಗೆಯೊಂದಿಗೆ, ಹಳೆಯ ಛಾಯಾಚಿತ್ರವನ್ನು ನೋಡಿಕೊಂಡು ಕುಶಲಕರ್ಮಿಗಳು ಅದರ ಪ್ರತಿಗಳನ್ನು ತಯಾರಿಸಿದರು. ಕಾರ್ಖಾನೆಯ ಸರಕನ್ನು ಕೈಯಿಂದ ನಕಲು ಮಾಡಿದ ಆ ವಸ್ತುಗಳು ಈಗ ಸಂಗ್ರಹಾಲಯಗಳಲ್ಲಿವೆ. ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಅಲ್ಲಿಂದ ಮುಂದೆ ಕಾರ್ಯಶಾಲೆ ಮರಳಿ ಬಂತು, ಆದರೆ ಕೆಂಪು ಶಾಯಿಯ ಗುಮಾಸ್ತ ಬರಲಿಲ್ಲ. ಇದರ ಫಲ ನ್ಯಾಯಾಲಯಗಳಲ್ಲಿ ಕಾಣುತ್ತದೆ. ಅಮೆರಿಕದ ಕಲಾವಿದ ಜೆಫ್ ಕೂನ್ಸ್ 1980ರ ದಶಕದ ಕೊನೆಯಲ್ಲಿ ಅಂಗಡಿಯಲ್ಲಿ ಕೊಂಡ ಒಂದು ಕಾರ್ಡಿನ ಮೇಲಿದ್ದ ಛಾಯಾಚಿತ್ರವನ್ನು ಇಟಲಿಯ ಮರಗೆತ್ತನೆಯ ಕಾರ್ಯಶಾಲೆಗೆ ಕಳಿಸಿದರು. ದಂಪತಿ ನಾಯಿಮರಿಗಳ ಸಾಲನ್ನು ಎತ್ತಿಕೊಂಡು ಕುಳಿತ ಚಿತ್ರ ಅದು. ಕಳಿಸುವ ಮೊದಲು ಕಾರ್ಡಿನಲ್ಲಿದ್ದ ಹಕ್ಕುಸ್ವಾಮ್ಯದ ಸೂಚನೆಯನ್ನು ಹರಿದುಹಾಕಿದ್ದರು. ಚಿತ್ರದಲ್ಲಿರುವಂತೆಯೇ ಇರಬೇಕು ಎಂದು ಕುಶಲಕರ್ಮಿಗಳಿಗೆ ಟಿಪ್ಪಣಿಗಳು ಹೋದವು. ಅವರು ಹಾಗೆಯೇ ಮಾಡಿದರು, ಒಳ್ಳೆಯ ಕಾರ್ಯಶಾಲೆ ಮಾಡುವುದೇ ಅದನ್ನು. ಮೂರು ಪ್ರತಿಗಳು ಒಟ್ಟು 3,67,000 ಡಾಲರಿಗೆ ಮಾರಾಟವಾದವು. ಛಾಯಾಗ್ರಾಹಕ ಆರ್ಟ್ ರಾಜರ್ಸ್ ದಾವೆ ಹೂಡಿ 1992ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಇಬ್ಬರು ಕರ್ತೃಗಳ ನಡುವಿನ ಆ ವ್ಯಾಜ್ಯದಲ್ಲಿ ಮರ ಕೆತ್ತಿದವರು ಕರ್ತೃಗಳೂ ಅಲ್ಲ, ಕಳ್ಳರೂ ಅಲ್ಲ, ಉಳಿಯಷ್ಟೇ.

ಉಳಿ ಹಿಡಿದವನೇ ನ್ಯಾಯಾಲಯಕ್ಕೆ ಹೋದ ಎರಡು ಪ್ರಕರಣಗಳು ಫ್ರಾನ್ಸಿನಲ್ಲಿ ನಡೆದಿವೆ, ಎರಡೂ ಬೇರೆ ಬೇರೆ ಕಡೆಗೆ ತಿರುಗಿದವು. ಮೊದಲನೆಯದು ರಿಷಾರ್ ಗೀನೊ ಎಂಬ ಶಿಲ್ಪಿಯದು. 1913ರ ಹೊತ್ತಿಗೆ ಚಿತ್ರಕಾರ ರೆನ್ವಾರ್‌ನ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ವ್ಯಾಪಾರಿ ವೊಲಾರ್ ತರುಣ ಗೀನೊನನ್ನು ಕರೆತಂದು ಮಣ್ಣಿನ ಕೆಲಸಕ್ಕೆ ಕೂರಿಸಿದ. 1918ರವರೆಗೆ ರೆನ್ವಾರ್ ಹೇಳಿದ, ಗೀನೊ ಮಾಡಿದ. ಶಿಲ್ಪಗಳು ರೆನ್ವಾರ್ ಹೆಸರಿನಲ್ಲಿ ಮಾರಾಟವಾದವು. ದಶಕಗಳ ನಂತರ ಗೀನೊ ಹಕ್ಕು ಕೇಳಿದ. ಅವನ ಸ್ವಂತ ಶಿಲ್ಪಗಳನ್ನು ಇವುಗಳ ಪಕ್ಕದಲ್ಲಿಟ್ಟು ಹೋಲಿಸಲಾಯಿತು. ಕೆಲವು ಶಿಲ್ಪಗಳನ್ನು ಮಾಡುವಾಗ ರೆನ್ವಾರ್ ಅಲ್ಲಿ ಇರಲೇ ಇಲ್ಲ ಎಂಬುದೂ ಲೆಕ್ಕಕ್ಕೆ ಬಂತು. ಕೈಗೂ ಸ್ವಂತ ಆಲೋಚನೆ ಇತ್ತೆಂದು ಒಪ್ಪಿ, ಗೀನೊ ಸಹಕರ್ತೃ ಎಂಬ ತೀರ್ಪನ್ನು 1973ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿಯಿತು. ಅದೇ ವರ್ಷದ ಆರಂಭದಲ್ಲಿ ಗೀನೊ ತೀರಿಕೊಂಡಿದ್ದ.

ಎರಡನೆಯದು ಇತ್ತೀಚಿನದು. ಪ್ಯಾರಿಸ್ಸಿನ ಗ್ರೆವಾಂ ಮೇಣದ ಸಂಗ್ರಹಾಲಯಕ್ಕೆ ಕೆಲಸ ಮಾಡಿದ್ದ ಶಿಲ್ಪಿ ಡಾನಿಯೆಲ್ ದ್ರುಎ, ಇಟಲಿಯ ಕಲಾವಿದ ಮೌರಿಜಿಯೊ ಕಾತೆಲಾನ್‌ಗಾಗಿ ಮೇಣದ ಆಕೃತಿಗಳನ್ನು ಮಾಡಿಕೊಟ್ಟಿದ್ದರು. ಉಲ್ಕೆ ಬಡಿದು ಬಿದ್ದ ಪೋಪ್, ಮೊಣಕಾಲೂರಿ ಪ್ರಾರ್ಥಿಸುವ ಹುಡುಗನ ಗಾತ್ರದ ಹಿಟ್ಲರ್ ಇವೆಲ್ಲ ಅವರ ಕೈಯಲ್ಲಿ ರೂಪುಗೊಂಡವು. ಆ ಹಿಟ್ಲರ್ ಆಕೃತಿಯ ಒಂದು ಪ್ರತಿ 2016ರಲ್ಲಿ 1.72 ಕೋಟಿ ಡಾಲರಿಗೆ ಹರಾಜಾಯಿತು. ತಾನೇ ಕರ್ತೃ ಎಂದು ದ್ರುಎ ಹೂಡಿದ ದಾವೆಯನ್ನು 2022ರ ಜುಲೈ 8ರಂದು ಪ್ಯಾರಿಸ್ ನ್ಯಾಯಾಲಯ ತಳ್ಳಿಹಾಕಿತು. ಕಾರಣ ಮುಖ್ಯವಾಗಿ ಕ್ರಮಕ್ಕೆ ಸಂಬಂಧಿಸಿದ್ದು: ಅವರು ಕಾತೆಲಾನ್‌ರ ಗ್ಯಾಲರಿಯ ಮೇಲೂ ಪ್ರದರ್ಶನ ನಡೆಸಿದ ಸಂಸ್ಥೆಯ ಮೇಲೂ ದಾವೆ ಹೂಡಿದ್ದರೇ ಹೊರತು ಕಾತೆಲಾನ್ ಮೇಲೇ ಹೂಡಿರಲಿಲ್ಲ. ಆದರೆ ಆಕೃತಿಯನ್ನು ಎಲ್ಲಿ, ಯಾವ ಕೋನದಲ್ಲಿ, ಹೇಗೆ ಇಡಬೇಕು, ನೋಡುವವರಲ್ಲಿ ಏನು ಹುಟ್ಟಬೇಕು ಎಂಬ ಸೂಚನೆಗಳು ಕಾತೆಲಾನ್‌ರಿಂದಲೇ ಬಂದವು ಎಂಬುದನ್ನೂ ನ್ಯಾಯಾಲಯ ಗುರುತಿಸಿತು.

ಕಲಾಲೋಕ ನಿಟ್ಟುಸಿರು ಬಿಟ್ಟಿತು. ದ್ರುಎ ಪೂರ್ತಿ ಕರ್ತೃತ್ವವನ್ನೇ ಕೇಳಿದ್ದು ಅತಿಯಾಯಿತೆಂದು ನನಗೂ ಅನಿಸುತ್ತದೆ. ಕೆಂಪು ರತ್ನಗಂಬಳಿಯ ಮೇಲೆ ಬಿದ್ದ ಪೋಪ್ ಎಂಬ ಕಲ್ಪನೆ ಅವರದಲ್ಲ. ಆದರೆ ಆ ಪೋಪ್‌ನ ಮುಖ ನೋಡಿ. ನೋವಿನಲ್ಲಿ ಮುಚ್ಚಿದ ಕಣ್ಣುಗಳು, ಬಿಗಿದ ಹುಬ್ಬು, ಶಿಲುಬೆಯನ್ನು ಇನ್ನೂ ಬಿಡದ ಬೆರಳುಗಳು. ಮುಖ ಅಷ್ಟು ನಿಜವಾಗಿಲ್ಲದಿದ್ದರೆ ಇಡೀ ಕಲ್ಪನೆ ಒಂದು ವ್ಯಂಗ್ಯಚಿತ್ರವಾಗಿ ಮುಗಿದುಹೋಗುತ್ತಿತ್ತು. ಅಕ್ಬರನ ಶಾಲೆಯಲ್ಲಿ ಮುಖ ಬರೆಯುವವನಿಗೆ ಬೇರೆಯೇ ಹೆಸರಿನ ಜಾಗವಿತ್ತು. ದ್ರುಎ ದಾವೆಗೆ ಕಾರಣವಾದ 2016ರ ಪ್ಯಾರಿಸ್ ಪ್ರದರ್ಶನದ ಗೋಡೆಯ ಮೇಲೆ ಇದ್ದದ್ದು ಒಂದೇ ಹೆಸರು.